ಡಬ್ಬಿ ನಮ್ಮದೇ, ಚಪಾತಿ ನಮ್ಮದೇ: ಗೋಡಂಬಿ ಅಲರ್ಜಿ ಇರುವ ಮಗನ ಜೊತೆ ಒಂದು ವಿಮಾನ ಪ್ರಯಾಣ

ಬೆಂಗಳೂರಿನಿಂದ ಹೊರಟು, ಕೊಲ್ಲಿಯ ಒಂದು ಊರಲ್ಲಿ ವಿಮಾನ ಬದಲಿಸಿ, ಫ್ರಾಂಕ್‌ಫರ್ಟ್‌ನಲ್ಲಿರುವ ತಂಗಿ ಮನೆಗೆ ಹೋಗುತ್ತಿದ್ದೆವು. ಎರಡನೇ ವಿಮಾನ ಮೇಲೇರಿ ಎರಡು ಗಂಟೆ ಆಗಿತ್ತು. ಎಲ್ಲರ ಊಟ ಮುಗಿದು ದೀಪ ಸಣ್ಣದು ಮಾಡಿದ್ದರು. ಏಳು ವರ್ಷದ ಮಗ ನನ್ನ ತೋಳು ಎಳೆದು "ಅಮ್ಮಾ, ನಾಲಿಗೆ ತುರಿಸ್ತಿದೆ" ಅಂದ.

ಅವನು ತಿಂದಿದ್ದು ನಾನು ಮನೆಯಲ್ಲಿ ಮಾಡಿ ತಂದಿದ್ದ ಚಪಾತಿ, ಆಲೂಗಡ್ಡೆ ಪಲ್ಯ. ಅಷ್ಟೇ. ವಿಮಾನದವರ ಟ್ರೇಯನ್ನು ಅವನ ಮುಂದೆ ಇಡಲೂ ಬಿಟ್ಟಿರಲಿಲ್ಲ. ಮತ್ತೆ ಗೋಡಂಬಿ ಎಲ್ಲಿಂದ ಬಂತು? ಇದನ್ನು ಬರೆಯೋದಕ್ಕೆ ಕಾರಣವೇ ಆ ಪ್ರಶ್ನೆ. ಮೂರು ತಿಂಗಳಿಂದ ನಾನು ತಯಾರಿ ಮಾಡಿಕೊಂಡಿದ್ದೆ. ಎಲ್ಲಿ ಸರಿಯಾಗಿ ಮಾಡಿದೆ, ಎಲ್ಲಿ ತಪ್ಪಿತು ಅಂತ ಮೊದಲಿಂದ ಹೇಳ್ತೀನಿ.

ಅಲರ್ಜಿ ಯಾವುದು, ಎಷ್ಟು

ಅವನಿಗೆ ಮೂರು ವರ್ಷ ಇದ್ದಾಗ ದೀಪಾವಳಿಗೆ ಯಾರೋ ತಂದ ಕಾಜೂ ಬರ್ಫಿಯ ಒಂದು ಚೂರು ತಿಂದ. ಹತ್ತು ನಿಮಿಷಕ್ಕೆ ಮೈಯೆಲ್ಲ ಗಂದೆ. ಅತ್ತೆ "ಪಿತ್ತ ಎದ್ದಿದೆ" ಅಂತ ದೊಡ್ಡಪತ್ರೆ ಎಲೆ ಅರೆದು ಹಚ್ಚಿದರು. ನಮ್ಮ ಕಡೆ ಎಲ್ಲರೂ ಮಾಡೋದೇ ಅದು. ಆದರೆ ಆಮೇಲೆ ಅವನು ಎರಡು ಸಲ ವಾಂತಿ ಮಾಡಿದ, ಕೆಮ್ಮಲು ಶುರು ಮಾಡಿದ. ಆಸ್ಪತ್ರೆಗೆ ಓಡಿದೆವು. ಮುಂದೆ ಅಲರ್ಜಿ ಡಾಕ್ಟರ ಹತ್ತಿರ ಚರ್ಮದ ಪರೀಕ್ಷೆ, ರಕ್ತಪರೀಕ್ಷೆ ಎಲ್ಲ ಆಯ್ತು. ಗೋಡಂಬಿ ಮತ್ತು ಪಿಸ್ತಾ ಎರಡೂ ಆಗಲ್ಲ. ಇವೆರಡೂ ಒಂದೇ ಕುಟುಂಬದ ಗಿಡಗಳು, ಎರಡರ ಪ್ರೋಟೀನೂ ಒಂದಕ್ಕೊಂದು ತುಂಬಾ ಹತ್ತಿರ. ಹಾಗಾಗಿ ಒಂದು ಆಗದವರಿಗೆ ಇನ್ನೊಂದೂ ಆಗದೇ ಇರೋದು ಜಾಸ್ತಿ. ಕಡಲೆಕಾಯಿ ಮಾತ್ರ ಅವನು ಆರಾಮಾಗಿ ತಿಂತಾನೆ, ಅದು ಬೇಳೆಕಾಳಿನ ಜಾತಿಗೆ ಸೇರಿದ್ದು.

ಇದನ್ನು ಯಾಕೆ ಬಿಡಿಸಿ ಹೇಳ್ತಿದೀನಿ ಅಂದ್ರೆ, ವಿಮಾನದವರಿಗೆ "ನಟ್ ಅಲರ್ಜಿ" ಅಂತ ಒಂದೇ ಮಾತು ಹೇಳಿದರೆ ಅವರ ತಲೆಗೆ ಮೊದಲು ಬರೋದು ಕಡಲೆಕಾಯಿ. "ನಮ್ಮ ವಿಮಾನದಲ್ಲಿ ಪೀನಟ್ ಕೊಡೋದೇ ಇಲ್ಲ" ಅಂತ ಉತ್ತರ ಬರುತ್ತೆ, ನಾವು ಸಮಾಧಾನ ಪಟ್ಟುಕೊಂಡು ಸುಮ್ನಾಗ್ತೀವಿ. ಗೋಡಂಬಿ ಅಂತ ಗೋಡಂಬಿ ಹೆಸರನ್ನೇ ಹೇಳಬೇಕು.

ಟಿಕೆಟ್ಟಿನ ಹೊತ್ತಿನಲ್ಲಿ ಆದದ್ದು

ಟಿಕೆಟ್ ಮಾಡಿಸಿದ್ದು ಮನೆ ಹತ್ತಿರದ ಟ್ರಾವೆಲ್ ಏಜೆಂಟ್ ಮೂಲಕ. ನಾವು ಸಸ್ಯಾಹಾರಿಗಳು ಅಂತ ಹೇಳಿದ ತಕ್ಷಣ ಅವರು ಮೂವರಿಗೂ `AVML` ಹಾಕಿದರು. ಏಷ್ಯನ್ ಸಸ್ಯಾಹಾರಿ ಊಟಕ್ಕೆ ವಿಮಾನ ಕಂಪನಿಗಳು ಬಳಸುವ ಕೋಡ್ ಅದು. ನಮ್ಮ ಜನಕ್ಕೆ ಅಭ್ಯಾಸವಾಗಿ ಹೋಗಿರುವ ಕೋಡ್ ಕೂಡ.

ಗೋಡಂಬಿ ಆಗದ ಮಗುವಿಗೆ ಈ ಊಟವೇ ಎಲ್ಲಕ್ಕಿಂತ ಅಪಾಯ. ಯೋಚನೆ ಮಾಡಿ ನೋಡಿ. ಈ ಟ್ರೇಯಲ್ಲಿ ಸಾಮಾನ್ಯವಾಗಿ ಏನಿರುತ್ತೆ? ಪನೀರ್ ಗ್ರೇವಿ, ಇಲ್ಲಾ ತರಕಾರಿ ಕುರ್ಮ, ಪಲಾವ್, ಬೆಳಿಗ್ಗೆಯಾದರೆ ಉಪ್ಪಿಟ್ಟು, ಜೊತೆಗೆ ಒಂದು ಸಿಹಿ. ಗ್ರೇವಿಯ ಗಟ್ಟಿತನ ಬರೋದೇ ಅರೆದ ಗೋಡಂಬಿಯಿಂದ. ಅರೆದು ಹಾಕಿದ್ದು ಕಣ್ಣಿಗೆ ಕಾಣಲ್ಲ. ಉಪ್ಪಿಟ್ಟಿನಲ್ಲಿ ಇಡೀ ಗೋಡಂಬಿ ಇದ್ದರೆ ಕಡೇಪಕ್ಷ ಗೊತ್ತಾಗುತ್ತೆ, ಆರಿಸಿ ತೆಗೆದರೂ ಪ್ರಯೋಜನ ಇಲ್ಲ ಅನ್ನೋದು ಬೇರೆ ಮಾತು. ಹಿಂದೂ ಊಟದ `HNML`, ಜೈನ ಊಟದ `VJML`, ಇವುಗಳಲ್ಲೂ ಅದೇ ಕಥೆ. ಈ ಕೋಡ್‌ಗಳು ಯಾವ ಮಾಂಸ ಇರಬಾರದು, ಮೊಟ್ಟೆ ಗೆಡ್ಡೆ ಇರಬಹುದೋ ಇಲ್ಲವೋ ಅಂತ ಹೇಳುತ್ತವೆ ಹೊರತು ಬೀಜಗಳ ಬಗ್ಗೆ ಒಂದು ಮಾತೂ ಹೇಳಲ್ಲ. ಸಸ್ಯಾಹಾರ ಅಂದ ಮೇಲೆ ನಮ್ಮದೇ ಊಟ, ಏನೂ ಆಗಲ್ಲ ಅನ್ನೋ ಧೈರ್ಯ ನಮಗೆ ತಾನಾಗೇ ಬಂದುಬಿಡುತ್ತೆ. ನಮ್ಮ ಯಜಮಾನರಿಗೂ ಬಂದಿತ್ತು.

ಮಗನ ಊಟದ ಕೋಡ್ ತೆಗೆಸಿ ಅಂತ ಏಜೆಂಟರಿಗೆ ಹೇಳಿದೆ. "ಆಯ್ತು ಮೇಡಂ, ಅಲರ್ಜಿ ಅಂತ ನೋಟ್ ಹಾಕ್ತೀನಿ" ಅಂದರು. ಅದನ್ನೇ ನಂಬಿ ಕೂರಲಿಲ್ಲ. ಪ್ರಯಾಣಕ್ಕೆ ಮೂರು ವಾರ ಇರುವಾಗ ನಾನೇ ವಿಮಾನ ಕಂಪನಿಗೆ ಮೇಲ್ ಬರೆದೆ. ಮಗುವಿನ ವಯಸ್ಸು, ಗೋಡಂಬಿ ಪಿಸ್ತಾ ತಿಂದರೆ ಏನಾಗುತ್ತೆ, ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಎರಡು ಜೊತೆಯಲ್ಲಿ ಇರುತ್ತೆ ಅನ್ನೋದು. ನಾವು ಕೇಳಿಕೊಂಡಿದ್ದು ನಾಲ್ಕೇ ವಿಷಯ. ಸೀಟು ಒರೆಸಿಕೊಳ್ಳಲು ಎಲ್ಲರಿಗಿಂತ ಮೊದಲು ಹತ್ತಲು ಬಿಡಿ, ಸಿಬ್ಬಂದಿಯ ಪಟ್ಟಿಯಲ್ಲಿ ವಿಷಯ ಬರೆದಿರಲಿ, ನಮ್ಮ ಸಾಲಿನ ಹಿಂದೆ ಮುಂದೆ ಗೋಡಂಬಿ ಪೊಟ್ಟಣ ಹಂಚಬೇಡಿ, ಮನೆ ಊಟ ತರ್ತೀವಿ. ಡಾಕ್ಟರ ಇಂಗ್ಲಿಷ್ ಪತ್ರ ಜೊತೆಗಿಟ್ಟೆ.

ಉತ್ತರ ನಾಲ್ಕು ದಿನಕ್ಕೆ ಬಂತು. ನೋಟ್ ಹಾಕಿದ್ದೀವಿ, ಆದರೆ ಬೀಜಗಳೇ ಇಲ್ಲದ ವಿಮಾನ ಅಂತ ಖಾತರಿ ಕೊಡಕ್ಕಾಗಲ್ಲ, ಬೇರೆ ಪ್ರಯಾಣಿಕರು ಏನು ತರ್ತಾರೆ ಅನ್ನೋದು ನಮ್ಮ ಕೈಯಲ್ಲಿಲ್ಲ ಅಂತ. ಈ ವಾಕ್ಯ ಓದಿ ಸಿಟ್ಟಾಗುವವರನ್ನು ನೋಡಿದ್ದೀನಿ. ನನಗೆ ಅದು ಪ್ರಾಮಾಣಿಕ ಉತ್ತರ ಅನ್ನಿಸಿತು. ಒಂದೇ ಅಡುಗೆಮನೆಯಲ್ಲಿ ಹತ್ತಾರು ವಿಮಾನಗಳಿಗೆ ಸಾವಿರಾರು ಟ್ರೇ ತಯಾರಾಗುವಾಗ, ಈ ಟ್ರೇಯಲ್ಲಿ ಗೋಡಂಬಿಯ ಚೂರೂ ಇಲ್ಲ ಅಂತ ಯಾರೂ ಆಣೆ ಮಾಡಿ ಹೇಳಕ್ಕಾಗಲ್ಲ.

ನಾನು ನೋಡದೆ ಬಿಟ್ಟದ್ದು ಟಿಕೆಟ್ಟಿನ ಎರಡನೇ ಭಾಗದಲ್ಲಿದ್ದ ಒಂದು ಸಣ್ಣ ಸಾಲು: `Operated by` ಅಂತ ಬರೆದು ಇನ್ನೊಂದು ಕಂಪನಿಯ ಹೆಸರು. ಅಂದ್ರೆ ಟಿಕೆಟ್ ಮಾರಿದವರು ಒಬ್ಬರು, ಎರಡನೇ ವಿಮಾನ ಓಡಿಸುವವರು ಇನ್ನೊಬ್ಬರು. ಓಡಿಸುವ ಕಂಪನಿಯ ಕಂಪ್ಯೂಟರಿನಲ್ಲಿ ನಮ್ಮ ಬುಕಿಂಗಿಗೆ ಬೇರೆಯೇ ಆರು ಅಕ್ಷರದ ಪಿಎನ್‌ಆರ್ ಇತ್ತು. ಊಟದ ಕೋಡ್ ತರಹದ ಸಿದ್ಧ ಕೋಡ್‌ಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಲಭವಾಗಿ ಹೋಗುತ್ತವೆ. ವಾಕ್ಯದಲ್ಲಿ ಬರೆದ ನೋಟ್ ದಾರಿಯಲ್ಲೇ ಉಳಿದುಬಿಡಬಹುದು. ನಮ್ಮ ವಿಷಯದಲ್ಲಿ ಹಾಗೇ ಆಯ್ತು.

ಡಬ್ಬಿ ಮತ್ತು ಸೂಜಿ

ಹೊರಡುವ ದಿನ ಚಪಾತಿ, ಒಣ ಪಲ್ಯ, ಒಗ್ಗರಣೆ ಅವಲಕ್ಕಿ, ಚಕ್ಕುಲಿ, ಬಾಳೆಹಣ್ಣು ತುಂಬಿದೆ. ಮೊಸರನ್ನ, ಗೊಜ್ಜು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ, ಸೆಕ್ಯೂರಿಟಿಯವರು ಅದನ್ನೆಲ್ಲ ದ್ರವದ ಲೆಕ್ಕಕ್ಕೆ ಹಾಕಿ 100 ಮಿಲಿಲೀಟರ್ ನಿಯಮ ಹೇಳಬಹುದು. ಇನ್ನೊಂದು ವಿಷಯ, ಯುರೋಪಿನ ಒಕ್ಕೂಟದ ದೇಶಗಳೊಳಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ವಿಮಾನದಲ್ಲಿ ತಿನ್ನಬಹುದು, ಮಿಕ್ಕಿದ್ದನ್ನು ಇಳಿಯುವ ಮೊದಲು ಬಿಸಾಡಬೇಕು. ವಿಮಾನ ತಡವಾದರೆ ಅಂತ ಒಂದು ಹೊತ್ತಿನ ಊಟ ಜಾಸ್ತಿಯೇ ಇಟ್ಟುಕೊಂಡಿದ್ದೆ. ಏರ್‌ಪೋರ್ಟ್ ಅಂಗಡಿಯ ತಿಂಡಿ ನಂಬಲ್ಲ ನಾನು. 2016ರಲ್ಲಿ ಲಂಡನ್ನಿನಿಂದ ಫ್ರಾನ್ಸಿಗೆ ಹೊರಟಿದ್ದ 15 ವರ್ಷದ ಹುಡುಗಿ ಏರ್‌ಪೋರ್ಟಿನಲ್ಲಿ ಕೊಂಡ ಬ್ರೆಡ್ ತಿಂದು ವಿಮಾನದಲ್ಲೇ ಕುಸಿದಳು, ಆಸ್ಪತ್ರೆಯಲ್ಲಿ ತೀರಿಕೊಂಡಳು. ಹಿಟ್ಟಿನೊಳಗೇ ಎಳ್ಳು ಸೇರಿತ್ತು, ಪೊಟ್ಟಣದ ಮೇಲೆ ಬರೆದಿರಲಿಲ್ಲ. ಅಂಗಡಿಯಲ್ಲೇ ತಯಾರಿಸಿ ಕಟ್ಟಿಟ್ಟ ತಿಂಡಿಗೂ ಪೂರ್ತಿ ಪಟ್ಟಿ ಬರೆಯಬೇಕು ಅಂತ ಬ್ರಿಟನ್ನಿನಲ್ಲಿ 2021ರಲ್ಲಿ ನಿಯಮ ಬಂದಿದ್ದು ಆ ಮಗು ಹೋದ ಮೇಲೆ.

ಇಂಜೆಕ್ಷನ್ ವಿಷಯಕ್ಕೆ ಬರ್ತೀನಿ. ತೊಡೆಗೆ ಒತ್ತಿದರೆ ತಾನೇ ಚುಚ್ಚಿಕೊಂಡು ಔಷಧಿ ಬಿಡುವ ಪೆನ್ ತರಹದ ಅಡ್ರಿನಲಿನ್ ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಸುಲಭವಾಗಿ ಸಿಗಲ್ಲ. ನಮಗೆ ಡಾಕ್ಟರ ಚೀಟಿ ಮೇಲೆ ಹೊರದೇಶದಿಂದ ತರಿಸಿಕೊಳ್ಳಬೇಕಾಯ್ತು. ಸಿಗದವರಿಗೆ ಡಾಕ್ಟರು ಆಂಪೂಲ್ ಮತ್ತು ಸಿರಿಂಜ್ ಕೊಟ್ಟು, ಎಷ್ಟು ಎಳೆಯಬೇಕು ಅಂತ ಗುರುತು ಹಾಕಿ, ಕೈಹಿಡಿದು ಕಲಿಸುತ್ತಾರೆ. ಲೆಕ್ಕ ಒಂದು ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ನನ್ನ ಮಗ 22 ಕಿಲೋ. ಪೆನ್ನುಗಳು ಬರೋದು ಗೊತ್ತಾದ ಅಳತೆಯಲ್ಲಿ ಮಾತ್ರ, ಅವನ ತೂಕಕ್ಕೆ ಡಾಕ್ಟರು ಬರೆದಿದ್ದು 0.15 ಮಿಲಿಗ್ರಾಮಿನದು. ಎರಡು ಯಾಕೆ ಅಂದ್ರೆ, ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಇನ್ನೊಂದು ಕೊಡಬೇಕು.

ಎರಡನ್ನೂ ಪತ್ರದ ಜೊತೆ ಒಂದು ಕೆಂಪು ಚೀಲದಲ್ಲಿ ಹಾಕಿ ನನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಲಗೇಜಿನಲ್ಲಿ ಹಾಕಿದರೆ ಔಷಧಿ ಚಳಿಗೆ ಕೆಡಬಹುದು, ಬೇಕಾದಾಗ ಕೈಗೂ ಸಿಗಲ್ಲ. ತಲೆ ಮೇಲಿನ ಗೂಡಿನಲ್ಲೂ ಇಡಬಾರದು. ಸೀಟ್ ಬೆಲ್ಟ್ ದೀಪ ಹತ್ತಿದಾಗ ಎದ್ದು ಬ್ಯಾಗ್ ಹುಡುಕುವ ಪರಿಸ್ಥಿತಿ ನೆನೆಸಿಕೊಳ್ಳಿ. ಬೆಂಗಳೂರಿನ ಟಿ2ನಲ್ಲಿ ಪತ್ರ ತೋರಿಸಿದೆ, ನೋಡಿ ಬಿಟ್ಟರು.

ಮೊದಲ ವಿಮಾನ

ಮೊದಲ ವಿಮಾನದಲ್ಲಿ ಎಲ್ಲ ಬರೆದಂತೆ ನಡೆಯಿತು. ಗೇಟಿನಲ್ಲಿ ಹೇಳಿದ ಕೂಡಲೇ ಮೊದಲು ಹತ್ತಿಸಿದರು. (ಅಮೆರಿಕಕ್ಕೆ ಹೋಗುವವರಿಗೆ ಒಂದು ಮಾತು: ಸೀಟು ಒರೆಸಿಕೊಳ್ಳಲು ಮೊದಲು ಹತ್ತಬೇಕು ಅಂತ ಅಲರ್ಜಿ ಇರುವವರು ಕೇಳಿದರೆ ಬಿಡಬೇಕು ಅಂತ ಅಲ್ಲಿನ ಸಾರಿಗೆ ಇಲಾಖೆ 2019ರಲ್ಲೇ ಸ್ಪಷ್ಟ ಮಾಡಿದೆ.) ಒದ್ದೆ ವೈಪ್ಸ್ ತೆಗೆದು ಟ್ರೇಯ ಎರಡೂ ಬದಿ, ಅದರ ಚಿಲಕ, ತೋಳಿಡುವ ಕಡೆ, ಬೆಲ್ಟಿನ ಬಕಲ್, ಟಿವಿ ಪರದೆ ಎಲ್ಲ ಒರೆಸಿದೆ. ವೈಪ್ ಕಂದು ಬಣ್ಣಕ್ಕೆ ತಿರುಗಿತ್ತು. ಕೊನೆಗೆ ಸೀಟಿನ ಸಂದಿಗೆ ಬೆರಳು ಹಾಕಿದಾಗ ಒಂದು ಅರ್ಧ ಗೋಡಂಬಿಯೇ ಸಿಕ್ಕಿತು. ಕೈ ನಡುಗಿತು ನನಗೆ. ಸೀಟಿನ ಮೇಲೆ ಮನೆಯಿಂದ ತಂದ ಬೆಡ್‌ಶೀಟ್ ಹಾಸಿದೆ, ಅವರ ಹೊದಿಕೆ ದಿಂಬು ವಾಪಸ್ ಕೊಟ್ಟೆ.

ಮುಂಭಾಗದ ಬಿಸಿನೆಸ್ ಕ್ಲಾಸಿನಲ್ಲಿ ಬೀಜಗಳನ್ನು ಬಿಸಿ ಮಾಡಿ ಕೊಡುವ ವಾಸನೆ ಬಂದಾಗ ಎದೆ ಹೊಡೆದುಕೊಂಡಿತು. ಗಾಳಿಯಲ್ಲಿ ಬಂದೇ ಏನಾದರೂ ಆಗಿಬಿಟ್ಟರೆ ಅನ್ನೋ ಭಯ ಎಲ್ಲ ತಾಯಂದಿರಿಗೂ ಇರುತ್ತೆ. ನಮ್ಮ ಡಾಕ್ಟರು ಇದನ್ನು ಮೊದಲೇ ಬಿಡಿಸಿ ಹೇಳಿದ್ದರು. ವಾಸನೆ ಬೇರೆ, ಪ್ರೋಟೀನ್ ಬೇರೆ, ಅಲರ್ಜಿ ಆಗೋದು ಪ್ರೋಟೀನಿಗೆ. ಕ್ಯಾಬಿನ್ನಿನ ಗಾಳಿ ಮೇಲಿಂದ ಕೆಳಕ್ಕೆ ಇಳಿದು ಅದೇ ಸಾಲಿನ ಹತ್ತಿರ ಹೊರಹೋಗುತ್ತೆ, ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಬದಲಾಗುತ್ತೆ, ತಿರುಗಿ ಬರುವ ಗಾಳಿ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರ್ ದಾಟಿ ಬರುತ್ತೆ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಕೇಳಿದ್ದಕ್ಕೆ ತಜ್ಞರು ಇದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದ್ದರು, 2024ರಲ್ಲಿ ಅದು ಪ್ರಕಟ ಆಯ್ತು. ಕಡಲೆಕಾಯಿ, ಗೋಡಂಬಿಯಂಥವು ಗಾಳಿಯಲ್ಲಿ ಹರಡಿ ಅಪಾಯ ತರುತ್ತವೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ, ಮುಟ್ಟುವ ಜಾಗಗಳೇ ದೊಡ್ಡ ಸಮಸ್ಯೆ ಅನ್ನೋದು ಅದರ ಸಾರ. ಸೀಟಿನ ಸಂದಿಯಲ್ಲಿ ಸಿಕ್ಕ ಆ ಅರ್ಧ ಗೋಡಂಬಿ, ಅದರ ಎಣ್ಣೆ ಹತ್ತಿದ ಬೆರಳು, ಆ ಬೆರಳು ಬಾಯಿಗೆ. ದಾರಿ ಇದು.

ಪಕ್ಕದ ಸಾಲಿನವರಿಗೆ ನಾನೇ ಹೋಗಿ ಹೇಳಿದೆ. ಎಲ್ಲರೂ ಒಪ್ಪಿದರು.

ಎರಡನೇ ವಿಮಾನ

ಬದಲಾವಣೆಗೆ ಒಂದೂಕಾಲು ಗಂಟೆ ಮಾತ್ರ ಇತ್ತು. ಓಡಿಕೊಂಡು ಗೇಟ್ ತಲುಪುವಷ್ಟರಲ್ಲಿ ಅರ್ಧ ಜನ ಹತ್ತಿದ್ದರು. ಹಿರಿಯ ಗಗನಸಖಿ ತಮ್ಮ ಟ್ಯಾಬ್ ನೋಡಿ, ನಮ್ಮ ಹೆಸರಿನ ಮುಂದೆ ಅಲರ್ಜಿಯ ಮಾತೇ ಇಲ್ಲ, ಮೂವರಿಗೂ `AVML` ಇದೆ ಅಂದರು. ಮಗನ ಕೋಡ್ ತೆಗೆಸಿದ್ದು ಮೊದಲ ಕಂಪನಿಯಲ್ಲಿ ಮಾತ್ರ ಆಗಿತ್ತು. ಆಕೆಯನ್ನು ದೂರಲ್ಲ, ಪತ್ರ ಓದಿ, ಉಳಿದ ಸಿಬ್ಬಂದಿಗೂ ಹೇಳಿ, ನಮ್ಮ ಸುತ್ತ ಬೀಜ ಹಂಚದಂತೆ ನೋಡಿಕೊಂಡರು. ಹಿಂದೆ ಜನ ನಿಂತಿದ್ದರಿಂದ ನಾನು ಆತುರದಲ್ಲಿ ಒರೆಸಿದೆ. ಒರೆಸಿ ವೈಪ್ಸಿನ ಪೊಟ್ಟಣವನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ತಲೆ ಮೇಲಿನ ಗೂಡಿಗೆ ಹಾಕಿಬಿಟ್ಟೆ.

ಊಟ ಬಂತು. ಮಗನ ಟ್ರೇ ವಾಪಸ್ ಕಳಿಸಿದೆ. ನನಗೆ ಹಸಿವಿರಲಿಲ್ಲ. ನಮ್ಮ ಯಜಮಾನರು ತಮ್ಮದನ್ನು ತೆಗೆದುಕೊಂಡು ತಿಂದರು. ಬಿಳಿ ಗ್ರೇವಿಯಲ್ಲಿ ಪನೀರ್, ಅನ್ನ, ಒಂದು ರೊಟ್ಟಿ. ನಾನು ಟಾಯ್ಲೆಟ್ ಸಾಲಿನಲ್ಲಿ ನಿಂತಿದ್ದಾಗ ಮಗ "ಅಪ್ಪ, ಚಪಾತಿ ಕೊಡು" ಅಂದಿದ್ದಾನೆ. ಇವರು ರೊಟ್ಟಿ ಮುರಿದು ತಿಂದಿದ್ದ ಕೈಯನ್ನು ಟಿಶ್ಯೂನಲ್ಲಿ ಒರೆಸಿ, ಸ್ಯಾನಿಟೈಸರ್ ಹಾಕಿ ಚೆನ್ನಾಗಿ ಉಜ್ಜಿ, ಡಬ್ಬಿ ತೆಗೆದು, ಚಪಾತಿ ಚೂರು ಮಾಡಿ ಪಲ್ಯ ಸುತ್ತಿ ಬಾಯಿಗಿಟ್ಟಿದ್ದಾರೆ. ಮನೆಯಲ್ಲಿ ದಿನಾ ಮಾಡುವ ಹಾಗೇ.

ಸ್ಯಾನಿಟೈಸರ್ ಕ್ರಿಮಿಗಳನ್ನು ಕೊಲ್ಲುತ್ತೆ. ಬೀಜದ ಪ್ರೋಟೀನನ್ನು ತೆಗೆಯಲ್ಲ, ಬೆರಳಿನ ಮೇಲೆ ಅದನ್ನೇ ಸವರಿದ ಹಾಗಾಗುತ್ತೆ ಅಷ್ಟೇ. ಸೋಪು ನೀರಿನಲ್ಲಿ ತೊಳೆದರೆ ಹೋಗುತ್ತೆ, ಒದ್ದೆ ವೈಪ್ಸಿನಲ್ಲಿ ತಿಕ್ಕಿದರೆ ಹೋಗುತ್ತೆ. ಇದು ನನಗೆ ಗೊತ್ತಿತ್ತು. ಅವರಿಗೆ ಹೇಳಿರಲಿಲ್ಲ. ನಾನು ಇಡೀ ವಿಮಾನದವರಿಗೆ ಪತ್ರ ತೋರಿಸಿಕೊಂಡು ಓಡಾಡಿದ್ದೆ, ಪಕ್ಕದಲ್ಲಿ ಕೂತ ಗಂಡನ ಟ್ರೇಯಲ್ಲಿ ಏನಿದೆ ಅಂತ ಕೇಳಿರಲಿಲ್ಲ.

ಆ ಇಪ್ಪತ್ತು ನಿಮಿಷ

ನಾಲಿಗೆ ತುರಿಕೆ ಅಂದಾಗ ಫೋನಿನ ಟಾರ್ಚ್ ಹಾಕಿ ನೋಡಿದೆ. ತುಟಿ ದಪ್ಪಗಾಗುತ್ತಿತ್ತು, ಕುತ್ತಿಗೆಯಲ್ಲಿ ಮೂರ್ನಾಲ್ಕು ಗಂದೆ. ಯಜಮಾನರು ತಕ್ಷಣ ಸಿಟ್ರಿಜಿನ್ ಸಿರಪ್ ಕುಡಿಸಿದರು. ಮೂರು ನಾಲ್ಕು ನಿಮಿಷ ಅದರ ದಾರಿ ಕಾದೆವು. ಕಾಯಬಾರದಿತ್ತು. ಆ ಔಷಧಿ ಕೆಲಸ ಶುರು ಮಾಡಲು ಅರ್ಧ ಗಂಟೆಯಾದರೂ ಬೇಕು, ಅದೂ ತುರಿಕೆ ಗಂದೆಗೆ ಮಾತ್ರ. ಗಂಟಲು ಕಟ್ಟೋದನ್ನು, ರಕ್ತದೊತ್ತಡ ಬೀಳೋದನ್ನು ಅದು ತಡೆಯಲ್ಲ.

ಆಮೇಲೆ ಅವನು ವಾಂತಿ ಮಾಡಿದ. ಬಾಯಿ ಒರೆಸುವಾಗ ಕೆಮ್ಮಿದ, ಒಣ ಕೆಮ್ಮು, ಬಿಟ್ಟು ಬಿಟ್ಟು. ಎಂಜಿನ್ ಸದ್ದಿನಲ್ಲಿ ಉಸಿರು ಸುಯ್‌ಗುಟ್ಟೋದು ಕೇಳಲ್ಲ, ಅವನ ಎದೆಗೆ ಕಿವಿ ಇಟ್ಟೇ ಕೇಳಬೇಕಾಯ್ತು. ಮಾತು ಕಡಿಮೆ ಮಾಡಿ ನನ್ನ ಮೇಲೆ ಒರಗಿದ. ಮಂದ ಬೆಳಕಿನಲ್ಲಿ, ಊಟ ಆದ ಮೇಲೆ, ನಿದ್ದೆ ಬಂದಿದೆ ಅಂತ ಅಂದುಕೊಳ್ಳೋದು ಎಷ್ಟು ಸುಲಭ ನೋಡಿ. ಡಾಕ್ಟರು ಕಲಿಸಿದ್ದ ಲೆಕ್ಕ ನೆನಪಿತ್ತು. ಚರ್ಮ ಒಂದೇ ಆದರೆ ನೋಡುತ್ತಾ ಇರಿ. ಚರ್ಮದ ಜೊತೆ ಹೊಟ್ಟೆ, ಅಥವಾ ಚರ್ಮದ ಜೊತೆ ಉಸಿರು, ಹೀಗೆ ಎರಡು ಕಡೆ ಶುರುವಾದರೆ ಚುಚ್ಚಿಬಿಡಿ. ಗೋಡಂಬಿ ಹೊಟ್ಟೆಗೆ ಹೋಗಿದೆ ಅನ್ನಿಸಿ ಉಸಿರು ಒಂದೇ ಕಟ್ಟಿದರೂ ಚುಚ್ಚಿ. ಅನುಮಾನ ಇದ್ದರೆ ಕೊಡೋದೇ ಸರಿ, ಕೊಟ್ಟರೆ ಸ್ವಲ್ಪ ಹೊತ್ತು ಎದೆ ಜೋರಾಗಿ ಬಡಿಯಬಹುದು, ಕೈ ನಡುಗಬಹುದು, ಅಷ್ಟೇ.

ಪ್ಯಾಂಟಿನ ಮೇಲೇ, ತೊಡೆಯ ಹೊರಬದಿಯ ನಡುಭಾಗಕ್ಕೆ ಒತ್ತಿ ಮೂರು ಎಣಿಸುವವರೆಗೆ ಹಿಡಿದೆ. ಯಜಮಾನರು ಅವನ ಕಾಲು ಅಲುಗಾಡದಂತೆ ಹಿಡಿದಿದ್ದರು. ಗಡಿಯಾರ ನೋಡಿ ಸಮಯವನ್ನು ಪೆನ್ನಿನ ಮೇಲೆ ಬರೆದೆ. ಕರೆಗಂಟೆ ಒತ್ತಿದ ಕೂಡಲೇ ಗಗನಸಖಿ ಬಂದು ಮೂರು ಸೀಟಿನ ತೋಳುಗಳನ್ನು ಎತ್ತಿ ಮಲಗಿಸಲು ಜಾಗ ಮಾಡಿದರು. ತಲೆ ಕೆಳಗೆ ದಿಂಬಿಲ್ಲದೆ ಮಲಗಿಸಿ ಕಾಲು ಎತ್ತರಿಸಿದೆವು. ಮತ್ತೆ ವಾಂತಿ ಬಂದರೆ ಅಂತ ಪಕ್ಕಕ್ಕೆ ವಾಲಿಸಿದೆವು. "ಟಾಯ್ಲೆಟ್‌ಗೆ ಹೋಗ್ಬೇಕು" ಅಂದ, ಏಳಿಸಲಿಲ್ಲ. ರಕ್ತದೊತ್ತಡ ಬಿದ್ದಿರುವಾಗ ತಟ್ಟನೆ ಎದ್ದು ನಿಲ್ಲಿಸಿದರೆ ಮಗು ಅಲ್ಲೇ ಕುಸಿಯಬಹುದು.

ಡಾಕ್ಟರು ಯಾರಾದರೂ ಇದ್ದೀರಾ ಅಂತ ಮೈಕಿನಲ್ಲಿ ಕೇಳಿದರು. ಡಾಕ್ಟರು ಇರಲಿಲ್ಲ. ಹಿಂದಿನಿಂದ ಒಬ್ಬ ನರ್ಸ್ ಎದ್ದು ಬಂದರು, ಕೇರಳದವರು, ಜರ್ಮನಿಯಲ್ಲಿ ಕೆಲಸ. ನಾವು ಮಾತಾಡಿಕೊಳ್ಳುವುದನ್ನು ಕೇಳಿ ಕನ್ನಡದಲ್ಲೇ "ಅಕ್ಕ, ಹೆದರ್ಬೇಡಿ, ನಾನು ಮಂಗಳೂರಲ್ಲಿ ಓದಿದ್ದು" ಅಂದರು. ಆ ಮಾತಿಗೆ ನನಗೆ ಅಳು ಬಂತು. ನಾಡಿ ಹಿಡಿದು ಎಣಿಸಿದರು. ಕ್ಯಾಪ್ಟನ್ ನೆಲದ ಮೇಲಿನ ವೈದ್ಯರ ಜೊತೆ ಮಾತಾಡಿ, ವಿಮಾನದ ಔಷಧಿ ಪೆಟ್ಟಿಗೆ ತೆರೆಯಲು ಒಪ್ಪಿಗೆ ಕೊಟ್ಟರು. ಅದರಲ್ಲೂ ಅಡ್ರಿನಲಿನ್ ಇತ್ತು, ಆದರೆ ಆಂಪೂಲಿನಲ್ಲಿ. ಅದನ್ನು ಒಡೆದು, ಅಳೆದು, ಸಿರಿಂಜಿಗೆ ಎಳೆಯಲು ಗೊತ್ತಿರುವವರು ಬೇಕು. ವಿಮಾನದಲ್ಲೇ ಇರುತ್ತಲ್ಲ ಅಂತ ನಾವು ನಮ್ಮದನ್ನು ಬಿಟ್ಟು ಬಂದಿದ್ದರೆ ಪೆಟ್ಟಿಗೆ ತೆರೆಯುವ ಹೊತ್ತಿಗೇ ಹತ್ತು ನಿಮಿಷ ದಾಟುತ್ತಿತ್ತು.

ಐದು ನಿಮಿಷದ ಹೊತ್ತಿಗೆ ಕೆಮ್ಮು ಕಡಿಮೆಯಾಗಲು ಶುರುವಾಯ್ತು. ಎರಡನೇ ಪೆನ್ನಿನ ಮುಚ್ಚಳ ತೆಗೆಯದೆ ಕೈಯಲ್ಲೇ ಹಿಡಿದಿದ್ದೆ. ಹತ್ತು ನಿಮಿಷಕ್ಕೆ ಮುಖಕ್ಕೆ ಬಣ್ಣ ಬಂತು. "ಅಮ್ಮಾ, ಕಾಲು ನೋಯ್ತಿದೆ" ಅಂತ ತೊಡೆ ಮುಟ್ಟಿಕೊಂಡ.

ವಿಮಾನವನ್ನು ಬೇರೆ ಕಡೆ ಇಳಿಸಲಿಲ್ಲ. ಅಲರ್ಜಿ ಒಮ್ಮೆ ಇಳಿದು ಕೆಲವು ಗಂಟೆ ಬಿಟ್ಟು ಏನೂ ತಿನ್ನದೆಯೇ ಮತ್ತೆ ಏಳಬಹುದು, ಅದಕ್ಕೆ ನರ್ಸ್ ಪಕ್ಕದ ಸೀಟಿಗೆ ಬಂದು ಕೂತರು. ಫ್ರಾಂಕ್‌ಫರ್ಟ್‌ನಲ್ಲಿ ಬಾಗಿಲು ತೆಗೆದಾಗ ಆಂಬುಲೆನ್ಸಿನವರು ನಿಂತಿದ್ದರು. ರಾತ್ರಿ ಆಸ್ಪತ್ರೆಯಲ್ಲಿ ನೋಡಿಕೊಂಡರು, ಅಲರ್ಜಿ ಮತ್ತೆ ಏಳಲಿಲ್ಲ.

ವಾಪಸ್ ಬರುವಾಗ

ಯಜಮಾನರು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವರ ತಪ್ಪು ಅಂತ ನಾನು ಒಂದು ದಿನವೂ ಅಂದುಕೊಂಡಿಲ್ಲ. ಊಟದ ಕೋಡ್ ನೋಡಿ ನಂಬಿದ್ದು, ಸ್ಯಾನಿಟೈಸರ್ ನಂಬಿದ್ದು, ಯಾರು ಬೇಕಾದರೂ ಮಾಡುವಂಥದ್ದೇ.

ತಂಗಿ ಮನೆಯಲ್ಲಿ ಕೂತು ಎಲ್ಲ ಮತ್ತೆ ಮಾಡಿದೆವು. ಎರಡೂ ಕಂಪನಿಗೆ ಅವರವರ ಪಿಎನ್‌ಆರ್ ಹಾಕಿ ಬೇರೆ ಬೇರೆ ಮೇಲ್ ಕಳಿಸಿದೆ, ಹೊರಡುವ ಎರಡು ದಿನ ಮೊದಲು ಇಬ್ಬರಿಗೂ ಫೋನ್ ಮಾಡಿ "ನಿಮ್ಮ ಪರದೆ ಮೇಲೆ ಏನು ಬರೆದಿದೆ, ಓದಿ ಹೇಳಿ" ಅಂತ ಕೇಳಿದೆ. ಒಬ್ಬರಲ್ಲಿ ಆಗಲೂ ಇರಲಿಲ್ಲ. ಫೋನಿನಲ್ಲೇ ಹಾಕಿಸಿದೆ. ಬದಲಾವಣೆಗೆ ನಾಲ್ಕು ಗಂಟೆ ಇರುವ ವಿಮಾನಕ್ಕೆ ಟಿಕೆಟ್ ಬದಲಾಯಿಸಿದೆವು, ದುಡ್ಡು ಸ್ವಲ್ಪ ಜಾಸ್ತಿ ಆಯ್ತು. ಮೂವರ ಊಟದ ಕೋಡೂ ತೆಗೆಸಿದೆವು, ಮಗನದೊಂದೇ ಅಲ್ಲ. ಜರ್ಮನಿಯ ಡಾಕ್ಟರು ಬರೆದುಕೊಟ್ಟ ಚೀಟಿಯಿಂದ ಅಲ್ಲೇ ಮೆಡಿಕಲ್ ಶಾಪಿನಲ್ಲಿ ಹೊಸ ಪೆನ್ ಸಿಕ್ಕಿತು. ಈ ಸಲ ಒಂದು ನನ್ನ ಸೊಂಟದಲ್ಲಿ, ಒಂದು ಅವರ ಸೊಂಟದಲ್ಲಿ. ಸೂಜಿಯಿಲ್ಲದ ಅಭ್ಯಾಸದ ಪೆನ್ನಿನಲ್ಲಿ ಅವರು ಹತ್ತು ಸಲ ಒತ್ತಿ ಕಲಿತರು.

ವಿಮಾನದಲ್ಲಿ ವೈಪ್ಸ್ ಪೊಟ್ಟಣ ಮುಂದಿನ ಸೀಟಿನ ಜೇಬಿನಲ್ಲೂ ಇಡಲಿಲ್ಲ, ಆ ಜೇಬನ್ನು ಯಾರೂ ತೊಳೆದಿರಲ್ಲ. ನನ್ನ ಮಡಿಲಲ್ಲೇ ಇತ್ತು. ಊಟದ ಗಾಡಿ ಬಂದಾಗ ಯಜಮಾನರು ಬೇಡ ಅಂತ ತಲೆ ಆಡಿಸಿದರು. ತಂಗಿ ಕಟ್ಟಿಕೊಟ್ಟಿದ್ದ ಚಿತ್ರಾನ್ನವನ್ನು ಮೂವರೂ ಒಂದೇ ಡಬ್ಬಿಯಿಂದ ತಿಂದೆವು. ತಿನ್ನುವ ಮೊದಲು ಮಗ ನಮ್ಮಿಬ್ಬರಿಗೂ ಒಂದೊಂದು ವೈಪ್ ಎಳೆದು ಕೊಟ್ಟ, ಅಪ್ಪನ ಕೈಯನ್ನು ತಾನೇ ಹಿಡಿದು ಬೆರಳ ಸಂದಿಯನ್ನೆಲ್ಲ ಒರೆಸಿದ.